ಪವರ್ ಬಿಐ: 30 ದಿನ ಯಾರೂ ತೆರೆಯದ ಪುಟಗಳನ್ನು ಅಳಿಸಬಹುದೇ?

ಪೆರ್ಲದ ಲೆಕ್ಕಿಗ

ಕಾಸರಗೋಡು ಜಿಲ್ಲೆಯ ಒಂದು ಅಡಿಕೆ ಖರೀದಿ ಸಹಕಾರಿ ಸಂಘದಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಶಾಖೆಗಳಿಗಾಗಿ ಮಾಡಿದ ನಮ್ಮ ವರದಿಯಲ್ಲಿ ಈಗ 14 ಪುಟಗಳಿವೆ. ಫೆಬ್ರವರಿಯ ಕೊನೆಗೆ ಅದರ ಬಳಕೆಯ ಲೆಕ್ಕ ತೆಗೆದಾಗ, ವರದಿಯನ್ನು 405 ಬಾರಿ ತೆರೆದದ್ದು ಕಂಡಿತು. ಪುಟವಾರು ನೋಡಿದರೆ 'ಮುಖಪುಟ' 398, 'ಇಂದಿನ ಖರೀದಿ' 371, 'ಶಾಖಾವಾರು ದಾಸ್ತಾನು' 64. 'ಮೈಲುತುತ್ತು ಮಾರಾಟ'ವೂ ಸೇರಿ ಐದು ಪುಟಗಳನ್ನು ಯಾರೂ ತೆರೆದಿಲ್ಲ. ಈ ಐದನ್ನು ಅಳಿಸಿ, ಎಲ್ಲರೂ ಮೆಚ್ಚಿದಂತೆ ಕಾಣುವ ಮುಖಪುಟಕ್ಕೆ ಇನ್ನಷ್ಟು ವಿವರ ಸೇರಿಸಬೇಕೆಂದಿದ್ದೇನೆ. ಇದು ಸರಿಯೇ?

ಕುಂಬಳೆ ಕೋಟೆ

30 ದಿನಗಳ ಲೆಕ್ಕವನ್ನು ನಂಬಿ ಏನನ್ನೂ ಅಳಿಸಬೇಡಿ. ನಿಮ್ಮ ನಿರ್ವಾಹಕರಿಂದ activity log ತರಿಸಿಕೊಳ್ಳಿ, ಅದರಲ್ಲಿ ಎಲ್ಲವೂ ದಾಖಲಾಗಿರುತ್ತದೆ.

ಮುಳ್ಳೇರಿಯದ ದತ್ತಾಂಶ

ಅವಸರ ಬೇಡವೆಂಬ ಮಾತು ಸರಿ, ಆದರೆ ಆ ದಾಖಲೆಯಿಂದ ಇಲ್ಲಿ ಕೆಲಸವಾಗದು. ಯಾರು ಯಾವ ವರದಿಯನ್ನು ಯಾವಾಗ ತೆರೆದರು ಎಂಬುದು ಅದರಲ್ಲಿ ಸಿಗುತ್ತದೆಯೇ ಹೊರತು ಯಾವ ಪುಟಕ್ಕೆ ಹೋದರು ಎಂಬುದು ಸಿಗುವುದಿಲ್ಲ.

ಲೆಕ್ಕಿಗರೇ, ಮೊದಲು ಮುಖಪುಟವನ್ನೇ ಸಂಶಯದಿಂದ ನೋಡಿ. ನೀವು ಉಳಿಸಿ ಪ್ರಕಟಿಸುವಾಗ ಯಾವ ಪುಟ ಎದುರಿಗಿತ್ತೋ ವರದಿ ಎಲ್ಲರಿಗೂ ಅದೇ ಪುಟದಲ್ಲಿ ತೆರೆದುಕೊಳ್ಳುತ್ತದೆ. ಆದ್ದರಿಂದ ಆ 398 ಎಂಬುದು ಮೆಚ್ಚುಗೆಯ ಲೆಕ್ಕವಲ್ಲ, ಹೊಸ್ತಿಲು ದಾಟಿದವರ ಲೆಕ್ಕ. 405ಕ್ಕಿಂತ ಅದು ತುಸು ಕಡಿಮೆ ಇರುವುದಕ್ಕೂ ಕಾರಣವಿದೆ. ವರದಿ ತೆರೆದದ್ದನ್ನು ಸರ್ವರ್ ಎಣಿಸುತ್ತದೆ, ಪುಟ ನೋಡಿದ್ದನ್ನು ಓದುಗನ ಬ್ರೌಸರ್ ತಿಳಿಸಬೇಕು. ಜಾಹೀರಾತು ತಡೆಯುವ ತಂತ್ರಾಂಶವೋ ಕಚೇರಿಯ ಫೈರ್‌ವಾಲೋ ಅಡ್ಡ ಬಂದರೆ ಆ ಸುದ್ದಿ ತಲುಪುವುದೇ ಇಲ್ಲ. ನಿಮ್ಮವರಿಗೆ ನಿಜವಾಗಿ ಬೇಕಾದದ್ದು 'ಇಂದಿನ ಖರೀದಿ'. ಆ ಪುಟವನ್ನು ಎದುರಿಗಿಟ್ಟುಕೊಂಡು ಉಳಿಸಿ ಮತ್ತೆ ಪ್ರಕಟಿಸಿ, ಒಂದು ತಿಂಗಳ ನಂತರ ಮುಖಪುಟಕ್ಕೆ ಎಷ್ಟು ಮಂದಿ ತಾವಾಗಿ ಹೋಗುತ್ತಾರೆಂದು ನೋಡಿ.

ಮೈಲುತುತ್ತಿನ ವಿಷಯವಂತೂ ನಮ್ಮೂರಿನವರಿಗೆ ಹೇಳಬೇಕಾಗಿಲ್ಲ. ತೋಟಕ್ಕೆ ಮದ್ದು ಬಿಡುವುದು ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆಯ ನಡುವೆ ಬಿಸಿಲು ಕಂಡಾಗ ಮತ್ತೊಮ್ಮೆ. ಫೆಬ್ರವರಿಯಲ್ಲಿ ಆ ಪುಟವನ್ನು ಯಾರಾದರೂ ಏಕೆ ತೆರೆಯಬೇಕು? ಲೆಕ್ಕಪರಿಶೋಧನೆಯ ಪುಟವಿದ್ದರೆ ಅದಕ್ಕೂ ಮಾರ್ಚ್ ಮುಗಿದ ಮೇಲೆಯೇ ಜೀವ ಬರುವುದು. ಇಂಥವನ್ನು ಬದಿಗಿಟ್ಟು, ಪ್ರತಿ ತಿಂಗಳ ಕೊನೆಗೆ ಪುಟವಾರು ಲೆಕ್ಕವನ್ನು ಎಕ್ಸೆಲ್‌ಗೆ ಇಳಿಸಿ ಒಂದೇ ಕಡತದಲ್ಲಿ ಕೂಡಿಸುತ್ತಾ ಬನ್ನಿ. ಪುಟಕ್ಕೆ ಹೊಸ ಹೆಸರಿಟ್ಟರೂ SectionId ಬದಲಾಗುವುದಿಲ್ಲ, ಆದ್ದರಿಂದ ಹೋಲಿಕೆಗೆ ಅದನ್ನೇ ಆಧಾರವಾಗಿಟ್ಟುಕೊಳ್ಳಿ. ಋತುವಿಗೆ ಸಂಬಂಧವಿಲ್ಲದ ಪುಟಗಳಿಗೆ Hide page ಒತ್ತಿ ಎರಡು ತಿಂಗಳು ಕಾಯಿರಿ. ಮರೆಮಾಡಿದ ಪುಟ ಕಡತದಲ್ಲಿಯೇ ಇರುವುದರಿಂದ, ಯಾರಾದರೂ ಕೇಳಿದರೆ ಕ್ಷಣದಲ್ಲಿ ಮರಳಿ ತರಬಹುದು.

ಮಂಜೇಶ್ವರ ಮಾಷ್ಟ್ರು

ನನ್ನ ಪಟ್ಟಿಯಲ್ಲಿ Blank ಎಂಬ ಪುಟವೇ ಅತಿ ಹೆಚ್ಚು ಬಳಕೆಯಲ್ಲಿದೆ. ಅಂಥ ಹೆಸರಿನ ಪುಟವನ್ನು ನಾನು ಮಾಡಿಯೇ ಇಲ್ಲ. ಅದನ್ನೂ ಮರೆಮಾಡಬೇಕೇ?

ಮುಳ್ಳೇರಿಯದ ದತ್ತಾಂಶ

ಮಾಷ್ಟ್ರೇ, ಮರೆಮಾಡಲು ಅಂಥ ಪುಟವೇ ಇಲ್ಲ. ಇತ್ತೀಚೆಗೆ ಅಳಿಸಿದ ಪುಟ ಅಥವಾ ನಿನ್ನೆ ಮೊನ್ನೆ ಸೇರಿಸಿದ ಪುಟ ಹಾಗೆ ಕಾಣುತ್ತದೆ. ಹೊಸದಾದರೆ ಒಂದು ದಿನದೊಳಗೆ ಹೆಸರು ಬರುತ್ತದೆ. ಬಾರದಿದ್ದರೆ, ಜನ ಹೆಚ್ಚು ಬಳಸುತ್ತಿದ್ದ ಪುಟವನ್ನೇ ನೀವು ಅಳಿಸಿರಬಹುದು.

ಪೆರ್ಲದ ಲೆಕ್ಕಿಗ

'ಇಂದಿನ ಖರೀದಿ'ಯನ್ನು ಮುಂದೆ ತಂದೆ, ಮೂರು ಪುಟಗಳನ್ನು ಮರೆಮಾಡಿದೆ. ಆದರೆ ಆ ಪುಟ ತೆರೆಯಲು 18 ಸೆಕೆಂಡು ಹಿಡಿಯುತ್ತಿದೆ, ಅಡಿಕೆ ತಂದವರು ತಕ್ಕಡಿಯ ಬಳಿ ನಿಂತೇ ಇರುತ್ತಾರೆ. Performance analyzer ಓಡಿಸಿದಾಗ DAX query ಅರ್ಧ ಸೆಕೆಂಡನ್ನೂ ದಾಟಲಿಲ್ಲ, Other ಎಂಬುದೇ ಬಹುಪಾಲು ಹೊತ್ತನ್ನು ನುಂಗುತ್ತಿದೆ.

ಮುಳ್ಳೇರಿಯದ ದತ್ತಾಂಶ

ಹಾಗಿದ್ದರೆ ಸೂತ್ರಗಳನ್ನು ತಿದ್ದುತ್ತಾ ಕೂರಬೇಡಿ. Other ಹೆಚ್ಚಾಗಿದ್ದರೆ ಸಾಮಾನ್ಯವಾಗಿ ಪುಟದಲ್ಲಿರುವ ಅಂಶಗಳು ಒಂದಕ್ಕೊಂದು ಸರದಿ ಕಾಯುತ್ತಿವೆ ಎಂದೇ ಅರ್ಥ. ಅಲ್ಲಿ ಎಷ್ಟು ಕಾರ್ಡುಗಳಿವೆ?

ಪೆರ್ಲದ ಲೆಕ್ಕಿಗ

11 ಶಾಖೆಗಳಿಗೆ ಎರಡೆರಡರಂತೆ 22 ಕಾರ್ಡುಗಳಿದ್ದವು. ಎಲ್ಲವನ್ನೂ ತೆಗೆದು, ಶಾಖೆಗೊಂದು ಸಾಲಿನಂತೆ ತೂಕ ಮತ್ತು ದರ ತೋರಿಸುವ ಒಂದೇ ಮ್ಯಾಟ್ರಿಕ್ಸ್ ಹಾಕಿದೆ. ಈಗ 5 ಸೆಕೆಂಡಿಗೆ ತೆರೆಯುತ್ತದೆ. ನೋಟ ಮೊದಲಿನಷ್ಟು ಚೆನ್ನಾಗಿಲ್ಲವೆಂದು ಕಾರ್ಯದರ್ಶಿಗಳ ಆಕ್ಷೇಪವಿದೆ, ಶಾಖೆಯವರಿಂದ ದೂರು ಬಂದಿಲ್ಲ.

ಬದಿಯಡ್ಕ ಶಾಖೆ

ನಮ್ಮಲ್ಲಿ ಐವರು ಒಂದೇ ಖಾತೆಯಿಂದ ಒಳಹೋಗುತ್ತೇವೆ. ದಾಸ್ತಾನು ಪುಟವನ್ನು ಬೆಳಿಗ್ಗೆ ಒಬ್ಬರು ತೆರೆದು ಚಿತ್ರ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ. ನಿಮ್ಮ 64ರಲ್ಲಿ ನಾವು ಎಷ್ಟು ಮಂದಿ?

ಮುಳ್ಳೇರಿಯದ ದತ್ತಾಂಶ

ಬಳಕೆದಾರರ ಎಣಿಕೆಯಲ್ಲಿ ನೀವೆಲ್ಲ ಸೇರಿ ಒಬ್ಬರೇ, ಗುಂಪಿನಲ್ಲಿ ಚಿತ್ರ ನೋಡಿದವರು ಲೆಕ್ಕಕ್ಕೇ ಇಲ್ಲ. ಪ್ರತ್ಯೇಕ ಖಾತೆ ಕೊಟ್ಟರೆ ತಿಳಿಯುತ್ತದೆ, ಆದರೆ ತಲೆಗೊಂದು ಪರವಾನಗಿಯ ಖರ್ಚನ್ನು ಸಂಘ ಒಪ್ಪಬೇಕು. ಅಲ್ಲಿಯವರೆಗೆ ದಾಸ್ತಾನು ಪುಟವನ್ನು ಮುಟ್ಟಬೇಡಿ, ಲೆಕ್ಕಿಗರೇ.