ಹಳೇ ಮ್ಯಾನೇಜರ್‌ಗೆ ರೆಫರೆನ್ಸ್ ಕೇಳಿ ಪತ್ರ ಹೆಂಗ ಬರೀಬೇಕ್ರಿ?

ಕೇಳಿದವರು, ಕಲಬುರಗಿ: ಇಲ್ಲಿಯ ಒಂದು ಬೇಳೆ ಮಿಲ್ಲಿನ ಸ್ಟೋರ್ಸ್‌ನಾಗ ಇದ್ದೆ. ಈಗ ಹೈದರಾಬಾದಿನ ಔಷಧ ಕಂಪನಿಗೆ ಸ್ಟೋರ್ಸ್ ಕೆಲಸಕ್ಕ ಅರ್ಜಿ ಹಾಕೀನಿ, ರೆಫರೆನ್ಸ್ ಕೊಡ್ರಿ ಅಂದಾರ. ಆಗಿನ ಮ್ಯಾನೇಜರ್ ಸಾಹೇಬ್ರು ಈಗ ಬೀದರಿನ ಬೇರೆ ಮಿಲ್ಲಿನಾಗ ಅದಾರ. ಮಾತಾಡಿ ಭಾಳ ದಿನ ಆತು. ಏನಂತ ಬರೀಲಿ?

ಎಚ್‌ಆರ್ ಕೆಲಸದಲ್ಲಿರುವ ಸದಸ್ಯೆ: ಪತ್ರಕ್ಕಿಂತ ಮೊದಲು ಫೋನ್ ಹಚ್ಚಿ ಒಪ್ಪಿಗೆ ತಗೊಳ್ರಿ. ಒಪ್ಪಿಗೆ ಸಿಗೋತನಕ ಕಂಪನಿ ಫಾರ್ಮಿನಾಗ ಅವರ ನಂಬರ್ ಬರೀಬ್ಯಾಡ್ರಿ. ಯಾವಾಗಿಂದ ಯಾವಾಗಿನ ತನಕ ಇದ್ರಿ, ಅವರು ನೋಡಿದಂಥ ನಿಮ್ಮ ಕೆಲಸ ಯಾವುದು, ಎರಡೂ ಹೇಳ್ರಿ.

ಶಹಾಬಾದಿನ ಸದಸ್ಯ: ಇಷ್ಟೆಲ್ಲ ಯಾಕ್ರಿ? ಲೆಟರ್‌ಹೆಡ್ ಮ್ಯಾಲ ‘ಒಳ್ಳೆ ಕೆಲಸಗಾರ’ ಅಂತ ಬರೆಸಿಕೊಂಡು ಸಹಿ ಹಾಕಿಸ್ರಿ, ಮುಗೀತು.

ಎಚ್‌ಆರ್ ಸದಸ್ಯೆ: ಹಳೇ ಮಿಲ್ಲಿನ ಲೆಟರ್‌ಹೆಡ್ ಮ್ಯಾಲ ಅನುಭವ ಪತ್ರ ಇದ್ರ ಛಲೋನೇ, ಇಂಟರ್‌ವ್ಯೂಗೆ ತಗೊಂಡು ಹೋಗ್ರಿ. ಆದ್ರ ಸಾಹೇಬ್ರು ಈಗ ಆ ಮಿಲ್ಲಿನಾಗ ಇಲ್ಲ, ಅಲ್ಲಿನ ಲೆಟರ್‌ಹೆಡ್ ಮ್ಯಾಲ ಸಹಿ ಹಾಕೋ ಹಕ್ಕು ಅವರಿಗಿಲ್ಲ. ಕಾಗದ ಇದ್ರೂ ರೆಫರೆನ್ಸ್ ಕೇಳಿದವರು ಫೋನ್ ಮಾಡೇ ಮಾಡ್ತಾರ.

ಕೇಳಿದವರು: 2019ರ ಜೂನ್‌ನಿಂದ 2022ರ ಮಾರ್ಚ್ ತನಕ ಇದ್ದೆ, ಸ್ಟೋರ್ಸ್ ಅಸಿಸ್ಟೆಂಟ್. ತೊಗರಿ ಆವಕ ಬಂದಾಗ ತೂಕ, ತೇವಾಂಶ ಬರಕೋತಿದ್ದೆ. ಖಾಲಿ ಚೀಲದ ಲೆಕ್ಕ ರಿಜಿಸ್ಟರಿಗೂ ಗೋದಾಮಿಗೂ ಕೂಡ್ತಿರಲಿಲ್ಲ. 2021ರಾಗ ನಾನು ಶನಿವಾರಕ್ಕೊಮ್ಮೆ ಎಣಿಸಿ ಬರೆಯೋದು ಚಾಲೂ ಮಾಡಿದ್ದೆ, ಸಾಹೇಬ್ರು ಅದನ್ನ ಮೆಚ್ಚಿದ್ರು.

ಎಚ್‌ಆರ್ ಸದಸ್ಯೆ: ಆ ಚೀಲದ ಮಾತೇ ನಿಮ್ಮ ಪತ್ರದ ಜೀವ. ಫೋನಿನಾಗ ಅವರು ಹೂಂ ಅಂದ ಮ್ಯಾಲ ಹೀಂಗ ಕಳಸ್ರಿ:

“ಮಾನ್ಯರೇ, ನಮಸ್ಕಾರ. ರೆಫರೆನ್ಸ್ ಕೊಡಲು ಫೋನಿನಲ್ಲಿ ಒಪ್ಪಿದ್ದಕ್ಕೆ ಧನ್ಯವಾದ. ನಿಮ್ಮ ನೆನಪಿಗಾಗಿ: 2019ರ ಜೂನ್‌ನಿಂದ 2022ರ ಮಾರ್ಚ್‌ವರೆಗೆ ನಿಮ್ಮ ಕೈಕೆಳಗೆ ಸ್ಟೋರ್ಸ್ ಅಸಿಸ್ಟೆಂಟ್ ಆಗಿದ್ದೆ. ಆವಕದ ತೂಕ, ತೇವಾಂಶದ ದಾಖಲೆ ನನ್ನ ಕೆಲಸವಾಗಿತ್ತು. 2021ರಲ್ಲಿ ಖಾಲಿ ಚೀಲಗಳನ್ನು ಪ್ರತಿ ಶನಿವಾರ ಎಣಿಸಿ ರಿಜಿಸ್ಟರಿಗೆ ತಾಳೆ ನೋಡುವುದನ್ನು ಶುರು ಮಾಡಿದ್ದೆ. ಹೊಸ ಹುದ್ದೆಯಲ್ಲೂ ಸ್ಟಾಕ್ ತಾಳೆಯೇ ಮುಖ್ಯ ಕೆಲಸ. ಮುಂದಿನ ವಾರ ಕಂಪನಿಯ ಎಚ್‌ಆರ್ ಹೈದರಾಬಾದಿನಿಂದ ಫೋನ್ ಮಾಡಬಹುದು, ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಮಾತಾಡಬಹುದು. ನಿಮಗೆ ಅನುಕೂಲವಾದ ಹೊತ್ತು ತಿಳಿಸಿದರೆ ಅವರಿಗೆ ಹೇಳುತ್ತೇನೆ. ರೆಸ್ಯೂಮೆ ಮತ್ತು ಹುದ್ದೆಯ ವಿವರ ಜೊತೆಗಿದೆ. ಈಗ ಆಗುವುದಿಲ್ಲ ಎನಿಸಿದರೆ ಗುರುವಾರದೊಳಗೆ ತಿಳಿಸಿ, ಬೇಸರವಿಲ್ಲ, ಬೇರೆಯವರನ್ನು ಕೇಳುತ್ತೇನೆ.”

‘ನನ್ನ ಬಗ್ಗೆ ಒಳ್ಳೇದು ಹೇಳ್ರಿ’ ಅಂತ ಇದರಾಗ ಎಲ್ಲೂ ಬರೆದಿಲ್ಲ, ನೀವೂ ಸೇರಿಸಬ್ಯಾಡ್ರಿ. ‘ಪ್ರಾಮಾಣಿಕ, ಶ್ರಮಜೀವಿ’ ಅಂತ ಯಾರ ಬಗ್ಗೆ ಬೇಕಾದ್ರೂ ಅನಬಹುದು, ಚೀಲದ ಲೆಕ್ಕ ನಿಮ್ಮೊಬ್ಬರದೇ. ‘ಆಕೆ ಏನು ಮಾಡ್ತಿದ್ಲು’ ಅಂತ ಅತ್ತಿಂದ ಕೇಳಿದಾಗ ಸಾಹೇಬ್ರ ಬಾಯಿಗೆ ಅದೇ ಬರ್ತದ. ಯಾಕ ಬಿಟ್ರು, ಮತ್ತ ಕೆಲಸಕ್ಕ ತಗೋತೀರಾ ಅಂತನೂ ಕೇಳೋದುಂಟು. ಮಿಲ್ ಬಿಟ್ಟ ಕಾರಣ ಇಂಟರ್‌ವ್ಯೂದಾಗ ನೀವು ಏನು ಹೇಳೀರಿ ಅನ್ನೋದನ್ನ ಫೋನಿನಾಗೇ ಅವರಿಗೆ ತಿಳಸ್ರಿ.

ಯಾದಗಿರಿಯ ಸದಸ್ಯ: ನಂದು ಕೇಳ್ರಿ ಅಕ್ಕಾರ. ನಮ್ಮ ಸಾಹೇಬ್ರು ‘ಆಯ್ತಪ್ಪ, ಕೊಡು ನಂಬರ್’ ಅಂದ್ರು, ನಾ ಏನೂ ಬರೆದು ಕಳಸಲಿಲ್ಲ. ಫೋನ್ ಬಂದಾಗ ‘ಒಂದು ವರ್ಷ ಇದ್ದ ಅನ್ಸ್ತದ’ ಅಂದ್ರಂತ. ರೆಸ್ಯೂಮೆದಾಗ ಎರಡೂವರೆ ವರ್ಷ! ಪೇ ಸ್ಲಿಪ್ ತಂದು ತೋರಿಸೋ ತನಕ ಬಿಡಲಿಲ್ಲ.

ಎಚ್‌ಆರ್ ಸದಸ್ಯೆ: ಹೆಚ್ಚು ಎಡವೋದು ಅಲ್ಲೇ. ಮಂದಿಗೆ ಕೆಲಸ ನೆನಪಿರ್ತದ, ತಾರೀಖು ನೆನಪಿರಂಗಿಲ್ಲ. ಪತ್ರ, ರೆಸ್ಯೂಮೆ, ರಿಲೀವಿಂಗ್ ಲೆಟರ್ ಮೂರರಾಗೂ ತಿಂಗಳು, ವರ್ಷ ಒಂದೇ ಇರಲಿ. ಇನ್ನೊಂದು, ಗುರುತಿಲ್ಲದ ನಂಬರ್ ಅಂದ್ರ ಸಾಲದ ಫೋನ್ ಅಂತ ಕಟ್ ಮಾಡ್ತಾರ. ಎಚ್‌ಆರ್‌ದವರ ನಂಬರ್ ಸಿಕ್ಕ ತಕ್ಷಣ ಸಾಹೇಬ್ರಿಗೆ ಕಳಸ್ರಿ. ಈಗ ಹೊಸ ತೊಗರಿ ಬರೋ ಹೊತ್ತು, ಬೆಳಿಗ್ಗೆ ಲಾರಿ ನಿಂತಿರ್ತಾವ. ಸಂಜೆಯ ಹೊತ್ತು ಕೇಳ್ರಿ.

ಶಹಾಬಾದಿನ ಸದಸ್ಯ: ವಾಟ್ಸಾಪ್‌ನಾಗ ಕಳಿಸಿದ್ರ ಸಾಕಲ್ಲ? ಮೇಲ್ ಯಾರು ನೋಡ್ತಾರ.

ಎಚ್‌ಆರ್ ಸದಸ್ಯೆ: ಈ ಮಾತಿಗೆ ಒಪ್ಪೀನಿ. ಅವರು ಯಾವುದು ನೋಡ್ತಾರೋ ಅದರಾಗ ಕಳಸ್ರಿ.

ಕೇಳಿದವರು: ಮೇಡಂ, ಫಾರ್ಮಿನಾಗ ರೆಫರೆನ್ಸ್ ಕೊಡೋರ ಆಫೀಸ್ ಮೇಲ್ ಐಡಿ ಕೇಳ್ಯಾರ. ಸಾಹೇಬ್ರದು ಜಿಮೇಲ್ ಮಾತ್ರ ಅದ.

ಎಚ್‌ಆರ್ ಸದಸ್ಯೆ: ಕೆಲವು ಕಂಪನಿ ಜಿಮೇಲ್ ನಡೀತದ ಅಂತಾವ, ಕೆಲವು ಸುತರಾಂ ಒಪ್ಪಂಗಿಲ್ಲ. ಸುಳ್ಳು ಐಡಿ ಮಾತ್ರ ಹಾಕಬ್ಯಾಡ್ರಿ. ಜಿಮೇಲೇ ಬರೆದು, ಸಾಹೇಬ್ರು ಆ ಮಿಲ್ಲಿನಾಗ ಈಗ ಇಲ್ಲ ಅಂತ ಪಕ್ಕಕ್ಕ ನಮೂದಿಸ್ರಿ. ತಾರೀಖು ಖಾತ್ರಿ ಮಾಡಿಕೊಳ್ಳಾಕ ಹಳೇ ಮಿಲ್ಲಿನ ಆಫೀಸ್ ನಂಬರ್ ಬೇರೆ ಕೊಡ್ರಿ. ಅಲ್ಲಿನ ಅಕೌಂಟ್ಸ್‌ನವರಿಗೆ ಮೊದಲೇ ಒಂದು ಮಾತು ಹೇಳಿಡ್ರಿ.

ಕೇಳಿದವರು: ಅಕೌಂಟ್ಸ್‌ನವರೂ ಬದಲಾಗ್ಯಾರ ಮೇಡಂ. ನಾಳೆ ನಾನೇ ಹೋಗಿ ಕೇಳ್ತೀನಿ.