ಪಿಎಫ್ ಲೆಕ್ಕದಲ್ಲಿ 116 ರೂಪಾಯಿ ತಾಳೆ ಆಗ್ತಿಲ್ಲ, ಇಎಸ್‌ಐ ಬೇರೆ ತಲೆ ತಿಂತಿದೆ

ಸಂಬಳಪಟ್ಟಿ · 11 ಸೆಪ್ಟೆಂಬರ್ 2024, ಸಂಜೆ 6:40

15ರೊಳಗೆ ಚಲನ್ ಕಟ್ಟಬೇಕು, ಲೆಕ್ಕ ಕೂಡ್ತಾನೇ ಇಲ್ಲ. ಪೇರೋಲ್ ಸಾಫ್ಟ್‌ವೇರ್ ಮಾಡಿರೋ ಇಸಿಆರ್‌ನಲ್ಲಿ ಒಬ್ಬ ನೌಕರನ ಸಾಲಿನಲ್ಲಿ ಮಾಲೀಕರ ಪಿಎಫ್ ಪಾಲು 718 ಅಂತಿದೆ. ನನ್ನ ಎಕ್ಸೆಲ್ ಶೀಟಿನಲ್ಲಿ 602 ಬರ್ತಿದೆ. ಜೂನ್‌ವರೆಗೆ ಎರಡೂ ಪೈಸೆಗೆ ಪೈಸೆ ಸರಿಯಿತ್ತು. ಅದೂ ಸಾಲದು ಅಂತ, 21,000 ದಾಟಿದವನಿಗೂ ಅದು ಇಎಸ್‌ಐ ಹಾಕಿದೆ. ಸಾಫ್ಟ್‌ವೇರ್ ಕೆಟ್ಟಿದೆ ಅನ್ಸುತ್ತೆ. ಯಾರಿಗಾದ್ರೂ ಹೀಗಾಗಿದೆಯಾ?

ಪೈಸೆಲೆಕ್ಕ · ಸಂಜೆ 7:05

ರೌಂಡಿಂಗ್ ಸಾರ್, ಕಣ್ಣು ಮುಚ್ಕೊಂಡು ಹೇಳ್ತೀನಿ. ಪಿಎಫ್‌ನಲ್ಲಿ 50 ಪೈಸೆ ಮತ್ತು ಮೇಲಿದ್ರೆ ಮೇಲಕ್ಕೆ, ಕಮ್ಮಿ ಇದ್ರೆ ಕೆಳಕ್ಕೆ. ಇಎಸ್‌ಐನಲ್ಲಿ ಒಂದು ಪೈಸೆ ಉಳಿದ್ರೂ ಮುಂದಿನ ರೂಪಾಯಿಗೆ. ನೀವು ಎರಡಕ್ಕೂ ಒಂದೇ ROUND ಹಾಕಿರ್ತೀರಿ.

ಸಂಬಳಪಟ್ಟಿ · ಸಂಜೆ 7:12

ಹಾಕಿದ್ದೆ, ನಿಜ. ಇಎಸ್‌ಐಗೆ ROUNDUP ಮಾಡಿದೆ. ಪಿಎಫ್ ಇನ್ನೂ 116 ವ್ಯತ್ಯಾಸ.

ಪೈಸೆಲೆಕ್ಕ · ಸಂಜೆ 7:20

ಪ್ರತಿಯೊಬ್ಬರಿಗೂ ರೌಂಡ್ ಮಾಡಿ ಕೂಡಿಸಿದ್ದೀರೋ, ಕೂಡಿಸಿ ಆಮೇಲೆ ರೌಂಡ್ ಮಾಡಿದ್ದೀರೋ? ಅಲ್ಲೇ ಸಿಗುತ್ತೆ ನೋಡಿ.

ಹಳೇಲೆಡ್ಜರ್ · ರಾತ್ರಿ 8:02

ರೌಂಡಿಂಗ್ ಬಿಡಿ ಸ್ವಾಮಿ. ಒಬ್ಬ ನೌಕರನ ಒಂದು ಅಂಕಿಯಲ್ಲಿ ರೌಂಡಿಂಗ್‌ನಿಂದ ಒಂದು ರೂಪಾಯಿ ಹೋಗಬಹುದು, 116 ಹೋಗಲ್ಲ.

ಸಂಬಳಪಟ್ಟಿ ಅವರೇ, ಮುಖ್ಯವಾದದ್ದನ್ನೇ ಬರೆದಿಲ್ಲ ನೀವು. ಬೇಸಿಕ್ ಮತ್ತು ಡಿಎ ಎಷ್ಟು? ಎಚ್‌ಆರ್‌ಎ ಎಷ್ಟು? ಇನ್‌ಕ್ರಿಮೆಂಟ್ ಯಾವ ತಿಂಗಳಿಂದ? ಓಟಿ ಇದೆಯಾ? ನಿಮ್ಮ ಶೀಟಿನ ಸೂತ್ರವನ್ನೂ ಹಾಕಿ.

ಮ್ಯಾಕ್ರೋಮಂಜ · ರಾತ್ರಿ 8:15

ಈಗಿನ ಕಾಲದಲ್ಲೂ ಕೈಯಲ್ಲಿ ಶೀಟ್ ಮಾಡೋರಿದ್ದಾರಾ! ನನ್ನ ಹತ್ರ ಒಂದೇ ಬಟನ್. ಹಾಜರಾತಿ ಯಂತ್ರದಿಂದ ಡೇಟಾ ಎಳ್ಕೊಂಡು, 340 ಜನರ ಇಸಿಆರ್ ಟೆಕ್ಸ್ಟ್ ಫೈಲು `#~#` ಸಮೇತ 40 ಸೆಕೆಂಡಿನಲ್ಲಿ ಹೊರಗೆ. ಎರಡು ಮಾನಿಟರ್ ಇದ್ರೆ ಇನ್ನೂ ಆರಾಮ.

ಸಂಬಳಪಟ್ಟಿ · ರಾತ್ರಿ 8:31

ಜುಲೈನಿಂದ ಇನ್‌ಕ್ರಿಮೆಂಟ್. ಅದು ಹೇಳಬೇಕು ಅಂತ ಅನಿಸಿರಲಿಲ್ಲ.

ಜೂನ್: ಬೇಸಿಕ್ + ಡಿಎ 14,800, ಎಚ್‌ಆರ್‌ಎ 5,400, ಒಟ್ಟು 20,200.
ಆಗಸ್ಟ್: ಬೇಸಿಕ್ + ಡಿಎ 16,400, ಎಚ್‌ಆರ್‌ಎ 6,100, ಒಟ್ಟು 22,500. ಓಟಿ 1,800 ಪ್ರತ್ಯೇಕ.

ನೌಕರನ ಪಾಲು 12%, ಪಿಂಚಣಿಗೆ 8.33% (1,250ಕ್ಕೆ ನಿಲ್ಲಿಸಿದ್ದೀನಿ), ಮಾಲೀಕರ ಪಿಎಫ್ 3.67%. ಎಲ್ಲಾ ಕಡೆ ಇರೋದೇ ಇದು.

ಹಳೇಲೆಡ್ಜರ್ · ರಾತ್ರಿ 9:10

ಸಿಕ್ತು. ಆ 3.67% ಅನ್ನೋದು ಸ್ವತಂತ್ರ ದರ ಅಂತ ತಿಳ್ಕೊಂಡಿರೋದೇ ತಪ್ಪು. ಮಾಲೀಕರು ಕೊಡಬೇಕಾದ್ದು 12%. ಅದರಲ್ಲಿ ಮೊದಲು ಪಿಂಚಣಿಗೆ ಹೋಗಬೇಕಾದ್ದನ್ನು ತೆಗೀತಾರೆ, ಉಳಿದದ್ದೆಲ್ಲ ಪಿಎಫ್ ಖಾತೆಗೆ. ವೇತನ 15,000ದ ಒಳಗಿರೋವರೆಗೆ ಆ ಉಳಿಕೆ 3.67% ಆಗಿ ಕಾಣುತ್ತೆ, ಅಷ್ಟೆ.

ನಿಮ್ಮ ಜೂನ್ ಲೆಕ್ಕವನ್ನೇ ನೋಡಿ. 14,800ರ 12% ಅಂದ್ರೆ 1,776. ಪಿಂಚಣಿ 8.33% ಅಂದ್ರೆ 1,232.84, ಅಂದ್ರೆ 1,233. ಉಳಿದದ್ದು 543. ನಿಮ್ಮ 3.67%ಗೂ 543 ಬರುತ್ತೆ. ಅದಕ್ಕೇ ತಪ್ಪು ಸೂತ್ರ ಇಷ್ಟು ದಿನ ಸಿಕ್ಕಿಬೀಳಲಿಲ್ಲ.

ಆಗಸ್ಟ್‌ನಲ್ಲಿ 16,400ರ 12% 1,968. ಪಿಂಚಣಿ 15,000ದ ಮೇಲೆ ಮಾತ್ರ, 1,250. ಉಳಿಕೆ 718. ಸಾಫ್ಟ್‌ವೇರ್ ಸರಿ. ನೀವು ಪಿಂಚಣಿಗೆ ಮಿತಿ ಹಾಕಿದಿರಿ, ಆದರೆ ಮಿತಿ ಮೇಲಿನ 1,400 ರೂಪಾಯಿಗೆ ಬರಬೇಕಾದ 8.33% ಯಾವ ಖಾತೆಗೂ ಹೋಗದೆ ಗಾಳಿಯಲ್ಲಿ ತೇಲ್ತಿದೆ. ಅದೇ ನಿಮ್ಮ 116.

ಬಿ ಕಾಲಂನಲ್ಲಿ ಪಿಎಫ್ ವೇತನ, ಎಫ್ ಕಾಲಂನಲ್ಲಿ ಇಎಸ್‌ಐ ವೇತನ ಇದೆ ಅಂದ್ಕೊಂಡು ಸಿ, ಡಿ, ಇ, ಜಿ ಕಾಲಂಗಳಿಗೆ ಕ್ರಮವಾಗಿ ಹೀಗೆ ಹಾಕಿ:

```
=ROUND(B2*12%,0)
=ROUND(MIN(B2,15000)*8.33%,0)
=C2-D2
=ROUNDUP(ROUND(F2*0.75%,2),0)
```

ಕೊನೆಯದರಲ್ಲಿ ಒಳಗೊಂದು ROUND ಇಟ್ಟಿದ್ದು ಬೇಕೆಂದೇ. ಎಕ್ಸೆಲ್ ಕೆಲವೊಮ್ಮೆ ದಶಮಾಂಶದ ಕೊನೆಯಲ್ಲಿ ಕಾಣದ ಬಾಲ ಬಿಡುತ್ತೆ, ROUNDUP ಆ ಬಾಲಕ್ಕೂ ಒಂದು ರೂಪಾಯಿ ಏರಿಸಿಬಿಡುತ್ತೆ.

ಪೈಸೆಲೆಕ್ಕ · ರಾತ್ರಿ 9:22

ಅಂದ್ರೆ ರೌಂಡಿಂಗೂ ಇತ್ತು ಅಂತಾಯ್ತು.

ತುಂಗಾತೀರ · ರಾತ್ರಿ 9:30

ಅಲ್ಲ, 16,400ರ ಮೇಲೆ ಯಾಕೆ ಕಟ್ತಿದ್ದೀರಿ? 15,000ಕ್ಕೆ 1,800 ಕಟ್ಟಿ ಕೈತೊಳ್ಕೊಳ್ಳಿ. ನಾವು ಎಲ್ಲರಿಗೂ ಅಷ್ಟೇ. ಇಬ್ಬರ ಪಾಲೂ ಉಳಿಯುತ್ತೆ.

ಶಾರದಾ_ಎಚ್‌ಆರ್ · ರಾತ್ರಿ 9:41

ಮಾಲೀಕರಿಗೆ ಉಳಿಯುತ್ತೆ ಅನ್ನಿ, ನೌಕರನಿಗೆ ಉಳಿಯೋದಲ್ಲ ಅದು, ಕಳೆಯೋದು. ತಿಂಗಳಿಗೆ ಮಾಲೀಕರ ಪಾಲಿನ 168 ರೂಪಾಯಿ ಅವನ ಖಾತೆಗೆ ಬರೋದು ನಿಲ್ಲುತ್ತೆ.

ತುಂಗಾತೀರ · ರಾತ್ರಿ 9:44

ನಿಯಮದಲ್ಲಿ ಅವಕಾಶ ಇದೆ ಮೇಡಂ. ದಾನ ಧರ್ಮದ ವಿಷಯ ಅಲ್ಲ.

ಹಳೇಲೆಡ್ಜರ್ · ರಾತ್ರಿ 9:58

ಅವಕಾಶ ಇದೆ, ಒಪ್ಪೋಣ. ಆದರೆ ಈಗಾಗಲೇ ಪೂರ್ತಿ ವೇತನದ ಮೇಲೆ ಕಟ್ತಾ ಬಂದಿದ್ದು, ನೇಮಕಾತಿ ಪತ್ರದಲ್ಲೂ ಹಾಗೇ ಇದ್ದರೆ, ಮಧ್ಯದಲ್ಲಿ ಕತ್ತರಿ ಹಾಕಿದಾಗ ತಕರಾರು ಏಳುತ್ತೆ. ಅವರು ಕೇಳಿದ್ದು ಅದಲ್ಲ, ಬಿಡಿ.

ಪೂರ್ತಿ ವೇತನದ ಮೇಲೆ ಕಟ್ಟೋರು ಇನ್ನೊಂದು ಕಡೆ ಎಡವ್ತಾರೆ. ವಿಮೆಯ 0.5% ಕೂಡ 15,000ಕ್ಕೇ ನಿಲ್ಲುತ್ತೆ, ಅಂದ್ರೆ 75. ಆಡಳಿತ ಶುಲ್ಕದ 0.5%ಗೆ ಆ ಮಿತಿ ಇಲ್ಲ, 16,400ರ ಮೇಲೆ 82. ಎರಡೂ ಅರ್ಧ ಪರ್ಸೆಂಟೇ ಆದ್ದರಿಂದ ಒಂದೇ ಅಂಕಿ ಎರಡು ಕಡೆ ತುಂಬಿಬಿಡ್ತಾರೆ.

ಸಂಬಳಪಟ್ಟಿ · 12 ಸೆಪ್ಟೆಂಬರ್, ಬೆಳಿಗ್ಗೆ 10:15

718 ಬಂತು, ದೊಡ್ಡ ಉಪಕಾರ. ಇಎಸ್‌ಐದು ಮಾತ್ರ ತಪ್ಪೇ ತಾನೇ? 22,500 ಅಂದ್ರೆ 21,000 ದಾಟಿದೆ. ಆದ್ರೂ ಓಟಿ ಸೇರಿಸಿ ನೌಕರನಿಗೆ 183, ಮಾಲೀಕರಿಗೆ 790 ಹಾಕಿದೆ. ಜುಲೈನಲ್ಲೂ ಹಾಕಿತ್ತು, ನಾನೇ ಕೈಯಲ್ಲಿ ತೆಗೆದೆ.

ತುಂಗಾತೀರ · ಬೆಳಿಗ್ಗೆ 10:28

ಇದಕ್ಕೂ ಪಿಎಫ್ ಥರವೇ. 21,000ಕ್ಕೆ ಮಾತ್ರ ಲೆಕ್ಕ ಹಾಕಿ, ಮೇಲಿನದಕ್ಕೆ ಬೇಡ.

ಶಾರದಾ_ಎಚ್‌ಆರ್ · ಬೆಳಿಗ್ಗೆ 10:50

ಇಲ್ಲ ಇಲ್ಲ, ಎರಡು ಮಿತಿಗಳ ಸ್ವಭಾವವೇ ಬೇರೆ. ಪಿಂಚಣಿಯ 15,000 ಒಂದು ಮುಚ್ಚಳ, ಅದರ ಮೇಲಿನದನ್ನು ಲೆಕ್ಕಕ್ಕೆ ತಗೊಳ್ಳಲ್ಲ. ಇಎಸ್‌ಐನ 21,000 ಒಂದು ಬಾಗಿಲು. ಒಳಗಿದ್ದೀರಿ ಅಂದ್ರೆ ಪೂರ್ತಿ ವೇತನಕ್ಕೆ ವಂತಿಗೆ, ಹೊರಗಿದ್ದೀರಿ ಅಂದ್ರೆ ಏನೂ ಇಲ್ಲ. ಆ ಬಾಗಿಲು ತೆರೆಯೋದು ವರ್ಷಕ್ಕೆ ಎರಡೇ ಸಲ, ಏಪ್ರಿಲ್ 1 ಮತ್ತು ಅಕ್ಟೋಬರ್ 1.

ನಿಮ್ಮ ನೌಕರ ಏಪ್ರಿಲ್‌ನಲ್ಲಿ 20,200ಕ್ಕೆ ಒಳಗಿದ್ದ. ಜುಲೈನಲ್ಲಿ ಸಂಬಳ ಏರಿದ್ರೂ ಸೆಪ್ಟೆಂಬರ್ 30ರವರೆಗೆ ಒಳಗೇ. ಅಕ್ಟೋಬರ್‌ನಿಂದ ಹೊರಗೆ. ಆಗ ಪೋರ್ಟಲ್‌ನಲ್ಲಿ ಔಟ್ ಆಫ್ ಕವರೇಜ್ ಕಾರಣ ಕೊಡಿ, ಈಗಲ್ಲ. ಕಟ್ಟಿದ್ದು ಅವನಿಗೆ ದಂಡವೂ ಅಲ್ಲ, ಈ ಅವಧಿಯ ವಂತಿಗೆಯ ಮೇಲೇ ಮುಂದಿನ ಜನವರಿಯಿಂದ ಜೂನ್‌ವರೆಗಿನ ಸೌಲಭ್ಯದ ಲೆಕ್ಕ ನಿಲ್ಲೋದು.

ಎಚ್‌ಆರ್‌ಎ ಪಿಎಫ್‌ಗೆ ಬರಲ್ಲ, ಇಎಸ್‌ಐಗೆ ಬರುತ್ತೆ. ಓಟಿಯೂ ಹಾಗೇ. ಆದ್ದರಿಂದ 24,300ರ 0.75% 182.25, ಮೇಲಕ್ಕೆ ಏರಿಸಿದ್ರೆ 183. 3.25% 789.75, ಅಂದ್ರೆ 790. ಸಾಫ್ಟ್‌ವೇರ್ ಮತ್ತೆ ಸರಿ.

ಮ್ಯಾಕ್ರೋಮಂಜ · ಬೆಳಿಗ್ಗೆ 11:20

ಹಾಗಾದ್ರೆ ನಮ್ಮಲ್ಲೊಬ್ಬರಿಗೆ 20,400 ಸಂಬಳ, ಓಟಿ 2,500. ಏಪ್ರಿಲ್‌ನಲ್ಲಿ 22,900 ಬಂತು ಅಂತ ನನ್ನ ಮ್ಯಾಕ್ರೋ ಅವರನ್ನ ಹೊರಗೆ ಹಾಕಿದೆ. ಸರಿ ಅಲ್ವಾ?

ಶಾರದಾ_ಎಚ್‌ಆರ್ · ಬೆಳಿಗ್ಗೆ 11:31

ಸರಿಯಲ್ಲ. ಬಾಗಿಲಲ್ಲಿ ನೋಡುವಾಗ ಓಟಿ ಬಿಟ್ಟು ನೋಡಬೇಕು, ಒಳಗೆ ವಂತಿಗೆ ಲೆಕ್ಕ ಹಾಕುವಾಗ ಓಟಿ ಸೇರಿಸಿ ಹಾಕಬೇಕು. ಅವರು 20,400ರವರು, ಏಪ್ರಿಲ್‌ನಿಂದ ಒಳಗೇ ಇರಬೇಕಿತ್ತು. 340 ಜನರಲ್ಲಿ ಇಂಥವರು ಇನ್ನೆಷ್ಟಿದ್ದಾರೋ ನೋಡ್ಕೊಳ್ಳಿ.

ಮ್ಯಾಕ್ರೋಮಂಜ · ಬೆಳಿಗ್ಗೆ 11:33

ಅಯ್ಯೋ.

ಸಂಬಳಪಟ್ಟಿ · ಮಧ್ಯಾಹ್ನ 12:05

ಹಾಗಾದ್ರೆ ಜುಲೈದು ನಾನು ತಪ್ಪು ಮಾಡಿದೆ. ಆ ತಿಂಗಳ 169ನ್ನ ಆಗಸ್ಟ್ ಸಂಬಳದಲ್ಲಿ ಸೇರಿಸಿ ಹಿಡಿದ್ರೆ ಆಯ್ತಲ್ಲ?

ಹಳೇಲೆಡ್ಜರ್ · ಮಧ್ಯಾಹ್ನ 12:40

ಹಿಡಿಯೋಕೆ ಬರಲ್ಲ. ಇಎಸ್‌ಐ ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ ಯಾವ ಅವಧಿಯ ವಂತಿಗೆಯೋ ಅದೇ ಅವಧಿಯ ವೇತನದಿಂದ ಮಾತ್ರ ಕಡಿತ. ಜುಲೈ ಸಂಬಳ ಪೂರ್ತಿ ಕೊಟ್ಟಾಯ್ತು, ಈಗ ಆ 169 ಮಾಲೀಕರ ತಲೆಗೆ. ಅವರ ಸ್ವಂತ ಪಾಲು 22,500ರ 3.25%, ಅಂದ್ರೆ 732. ಒಟ್ಟು 901ನ್ನು ಜುಲೈ ತಿಂಗಳಿಗೇ ಸಪ್ಲಿಮೆಂಟರಿ ಚಲನ್ ಮಾಡಿ ಕಟ್ಟಿ. ಆಗಸ್ಟ್ ಸಾಲಿಗೆ ಸೇರಿಸಬೇಡಿ, ಸೇರಿಸಿದ್ರೆ ಜುಲೈನಲ್ಲಿ ಅವನ ಹಾಜರಿ ದಿನಗಳು ಸೊನ್ನೆಯಾಗೇ ಉಳಿಯುತ್ತೆ. ಬಡ್ಡಿ ವರ್ಷಕ್ಕೆ 12%, ಈ ಮೊತ್ತಕ್ಕೆ ದಿನಕ್ಕೆ ಸುಮಾರು 30 ಪೈಸೆ. ಮಾಲೀಕರಿಗೆ ಈಗಲೇ ಹೇಳಿಬಿಡಿ, ಆಮೇಲೆ ನೋಟಿಸ್ ಬಂದಾಗ ಹೇಳೋದಕ್ಕಿಂತ ವಾಸಿ.

ಪೈಸೆಲೆಕ್ಕ · ಮಧ್ಯಾಹ್ನ 12:52

ಮಾಲೀಕರ ಇಎಸ್‌ಐ ಪಾಲನ್ನ ತಲೆಗೊಂದರಂತೆ ಏರಿಸಿ ಕೂಡಿಸಬೇಡಿ. ಚಲನ್‌ನಲ್ಲಿ ಎಲ್ಲರ ಒಟ್ಟು ವೇತನದ ಮೇಲೆ ಒಂದೇ ಸಲ 3.25% ಬರೋದು. ಲೆಡ್ಜರ್‌ನಲ್ಲಿ ನಾಲ್ಕೈದು ರೂಪಾಯಿ ಹೆಚ್ಚು ಕಮ್ಮಿ ಬಂದ್ರೆ ಇದೇ ಕಾರಣ.

ಹಳೇಲೆಡ್ಜರ್ · ಮಧ್ಯಾಹ್ನ 12:58

ಇದು ಸರಿಯಾಗಿ ಹೇಳಿದಿರಿ.

ಸಂಬಳಪಟ್ಟಿ · 13 ಸೆಪ್ಟೆಂಬರ್, ಬೆಳಿಗ್ಗೆ 9:50

ಜುಲೈದು ಕಟ್ಟಿದೆ. ಮಾಲೀಕರು ಒಂದು ಮಾತು ಅಂದ್ರು, ಇರಲಿ. ಇನ್ನೊಬ್ಬ ಸಿಕ್ಕಿದ್ದಾನೆ. ಆಗಸ್ಟ್ 1ಕ್ಕೆ ಸೇರಿದವನು, ಬೇಸಿಕ್ 18,000. ಸಾಫ್ಟ್‌ವೇರ್ ಪಿಂಚಣಿ ಸೊನ್ನೆ ಮಾಡಿ ಮಾಲೀಕರ 2,160 ಪೂರ್ತಿ ಪಿಎಫ್‌ಗೆ ಹಾಕಿದೆ. ನಿಮ್ಮ ಸೂತ್ರದಲ್ಲಿ 1,250 ಮತ್ತು 910 ಬರ್ತಿದೆ. ಈಗ ಯಾರು ಸರಿ?

ಹಳೇಲೆಡ್ಜರ್ · ಬೆಳಿಗ್ಗೆ 10:20

ಅದು ಅವನ ಹಳೇ ಚರಿತ್ರೆಯ ಮೇಲೆ ನಿಂತಿದೆ. 2014ರ ಸೆಪ್ಟೆಂಬರ್ 1ರಿಂದ ಈಚೆಗೆ ಮೊದಲ ಸಲ ಪಿಎಫ್‌ಗೆ ಬರುವವನ ವೇತನ 15,000ಕ್ಕಿಂತ ಹೆಚ್ಚಿದ್ರೆ ಪಿಂಚಣಿ ಯೋಜನೆಗೆ ಸೇರೋ ಹಾಗಿಲ್ಲ, ಆಗ 2,160 ಸರಿ. ಮೊದಲೇ ಬೇರೆ ಕಡೆ ಪಿಂಚಣಿ ಸದಸ್ಯನಾಗಿದ್ದು ಅದು ಮುಂದುವರಿದಿದ್ರೆ 1,250 ಮತ್ತು 910. ಯುಎಎನ್ ಹೊಸದಾ, ಹಳೇದಾ?

ಸಂಬಳಪಟ್ಟಿ · ಬೆಳಿಗ್ಗೆ 10:34

ಹಳೇದು. ಹಿಂದಿನ ಕಡೆಯ ದುಡ್ಡೆಲ್ಲ ತೆಗ್ದಿದ್ದೀನಿ ಅಂತಾನೆ. ಪಿಂಚಣಿದೂ ತೆಗ್ದನಾ ಅಂದ್ರೆ ನೆನಪಿಲ್ಲ ಅಂತಾನೆ.

ಹಳೇಲೆಡ್ಜರ್ · ಬೆಳಿಗ್ಗೆ 10:41

ಆ ಉತ್ತರದ ಮೇಲೇ ಎಲ್ಲಾ ನಿಂತಿರೋದು. ಫಾರಂ 10ಸಿ ಹಾಕಿ ಪಿಂಚಣಿ ಹಣ ಹಿಂತೆಗೆದುಕೊಂಡಿದ್ರೆ ಹಳೇ ಸದಸ್ಯತ್ವ ಮುಗಿದ ಹಾಗೆ. ಪಾಸ್‌ಬುಕ್ ತೆಗೆಸಿ, ಪಿಂಚಣಿ ಕಾಲಂ ನೋಡಿ, ಕ್ಲೇಮ್ ಪಟ್ಟಿಯನ್ನೂ ನೋಡಿ. ಬಾಯಿಮಾತಿನ ಮೇಲೆ ಇಸಿಆರ್ ಹಾಕಬೇಡಿ, ತಪ್ಪು ಖಾತೆಗೆ ಹೋದ ಪಿಂಚಣಿ ಹಣ ವಾಪಸ್ ತಿರುಗಿಸೋದು ದೊಡ್ಡ ಪಾಡು.

ತುಂಗಾತೀರ · ಬೆಳಿಗ್ಗೆ 10:55

ಇದಕ್ಕೇ ನಾನು ಹೇಳಿದ್ದು, ಎಲ್ಲರಿಗೂ 1,800 ಕಟ್ಟಿ ಅಂತ.

ಶಾರದಾ_ಎಚ್‌ಆರ್ · ಬೆಳಿಗ್ಗೆ 11:02

1,800 ಕಟ್ಟಿದ್ರೂ ಪಿಂಚಣಿಗೆ ಹೋಗಬೇಕಾ ಬೇಡವಾ ಅನ್ನೋ ಪ್ರಶ್ನೆ ಹಾಗೇ ಇರುತ್ತೆ ಸಾರ್.

ಸಂಬಳಪಟ್ಟಿ · ಮಧ್ಯಾಹ್ನ 3:15

ಪಾಸ್‌ಬುಕ್ ತೆರೆಯೋಕೆ ಅವನ ಮೊಬೈಲ್‌ಗೆ ಓಟಿಪಿ ಬರಬೇಕು, ಹಳೇ ನಂಬರ್ ಯುಎಎನ್‌ಗೆ ಜೋಡಿಸಿದ್ದಾನಂತೆ. ನಾಳೆ ನೋಡ್ತೀನಿ.