ಎಷ್ಟನೆಯ ಪದವೋ, ಎಷ್ಟು ಪದಗಳೋ: ಒಂದು ತಪ್ಪಿಗೆ ತಲೆಬರಹ ಬೇಕಾಗಿದೆ

ಅನುವಾದಕಿ:

ಗೆಳೆಯರೇ, ಶ್ರೇಢಿಗಳ ಉತ್ತರಪತ್ರಿಕೆ ತಿದ್ದುವವರಿಗಾಗಿ ಬರೆದ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಅಚ್ಚಿಗೆ ಹೋಗಬೇಕು. ತಪ್ಪುಗಳ ಪಟ್ಟಿಯಲ್ಲಿ ಒಂದು ಅಂಕಣಕ್ಕೆ ಸರಿಯಾದ ತಲೆಬರಹ ಸಿಕ್ಕಿಲ್ಲ.

ತಪ್ಪು ಇಂಥದ್ದು. 7, 11, 15, 19… ಎಂಬ ಸಮಾಂತರ ಶ್ರೇಢಿಯಲ್ಲಿ ಮೊದಲಿನಿಂದ ಎಷ್ಟು ಪದಗಳನ್ನು ಕೂಡಿದರೆ 207 ಆಗುತ್ತದೆ ಎಂದು ಕೇಳಿದೆ. ವಿದ್ಯಾರ್ಥಿ 7 + (n − 1) × 4 = 207 ಎಂದು ಬರೆದು, n = 51 ಎಂದು ಮುಗಿಸಿದ್ದಾನೆ. ಕೂಡುವುದರಲ್ಲಿ, ಭಾಗಿಸುವುದರಲ್ಲಿ ಎಲ್ಲೂ ಎಡವಿಲ್ಲ. 207 ನಿಜಕ್ಕೂ ಈ ಶ್ರೇಢಿಯ 51ನೆಯ ಪದವೇ. ಆದರೆ ಕೇಳಿದ್ದು ಮೊತ್ತದ ಮಾತು, ಉತ್ತರ 9.

ನಾನು ‘ಪದಸಂಖ್ಯೆ–ಮೊತ್ತ ಗೊಂದಲ’ ಎಂದು ಬರೆದಿದ್ದೆ. ಕರಡು ಓದಿದ ಒಬ್ಬರು ಪದಸಂಖ್ಯೆಯನ್ನು ‘ಪದ ಎಲ್ಲಿ ನಿಂತಿದೆ’ ಎಂದು ತಿಳಿದರು, ಇನ್ನೊಬ್ಬರು ‘ಪದಗಳು ಎಷ್ಟಿವೆ’ ಎಂದು ತಿಳಿದರು. ಚಿಕ್ಕ ಅಂಕಣ, ಎರಡು ಮೂರು ಪದಗಳಿಗಷ್ಟೇ ಜಾಗ. ಏನೆನ್ನಬಹುದು?

ಹಳೆಯ ಓಲೆ:

ಪದಸಂಖ್ಯೆ ಸಾಕು, ಬದಲಿಸಬೇಡಿ. ‘ಪದ’ ಎಂದರೇ ಮೂಲದಲ್ಲಿ ಎಣಿಕೆ. 1150ರ ಲೀಲಾವತಿಯಲ್ಲಿ ಭಾಸ್ಕರಾಚಾರ್ಯರು ಪದದಲ್ಲಿ ಒಂದು ಕಳೆದು, ಚಯದಿಂದ ಗುಣಿಸಿ, ಮುಖವನ್ನು ಕೂಡಿಸಿ ಎನ್ನುತ್ತಾರೆ. ಆಗ ಸಿಗುವುದು ಅಂತ್ಯಧನ. ಅಲ್ಲಿನ ಪದವೇ ನಮ್ಮ n. ಗಚ್ಛ ಎಂಬುದೂ ಅದೇ. ಚಯ ಎಂದರೆ ಸಾಮಾನ್ಯ ವ್ಯತ್ಯಾಸ, ಮುಖ ಎಂದರೆ ಶ್ರೇಢಿಯ ಮೊದಲ ಅಂಕಿ. ನಾವು ಈಗ ಪದ ಎನ್ನುವುದಕ್ಕೆ ಅವರು ಧನ ಎನ್ನುತ್ತಿದ್ದರು: ಕೊನೆಯದು ಅಂತ್ಯಧನ, ಎಲ್ಲ ಸೇರಿದ್ದು ಸರ್ವಧನ. ಅಂತ್ಯಧನ–ಸರ್ವಧನ ವ್ಯತ್ಯಾಸ ಎಂದು ಹಾಕಿ. ಎಂಟುನೂರು ವರ್ಷ ಬಾಳಿದ ಮಾತು, ಯಾರಿಗೂ ಎರಡರ್ಥ ಬಾರದು.

ಅಚ್ಚಗನ್ನಡ:

ಧನ ಎಂದರೆ ಮಕ್ಕಳು ಹಣ ಎಂದುಕೊಳ್ಳುತ್ತಾರೆ. ಬೇಡ. ಶ್ರೇಢಿ ಎಂಬ ಪದವೇ ನಾಲಿಗೆಗೆ ಒಗ್ಗುವುದಿಲ್ಲ. ‘ಸಾಲು’ ಇರುವಾಗ ಅದೇಕೆ? ಮೊತ್ತ ನಮ್ಮದೇ ಪದ, ಅದನ್ನು ಉಳಿಸಿಕೊಳ್ಳಿ. ಉಳಿದದ್ದೆಲ್ಲ ತೆಗೆದು ‘ಸಾಲೆಣಿಕೆ’ ಎನ್ನಿ.

ಲೆಕ್ಕ ಬಲ್ಲವರು:

ಸಾಲೆಣಿಕೆ ಎಂದರೆ ಸಾಲುಗಳನ್ನು ಎಣಿಸುವುದು. ಹೊಂದುವುದಿಲ್ಲ.

ಹೆಸರಿಗೆ ಮೊದಲು ತಪ್ಪನ್ನು ನೋಡಬೇಕು. 51ನೆಯ ಪದ, 51 ಪದಗಳ ಮೊತ್ತ: ಎರಡು ಕಡೆಯೂ n ಅದೇ 51. ಸ್ಥಾನವೂ ಎಣಿಕೆಯೂ ಒಂದೇ ಅಂಕಿ ಆಗಿರುವುದರಿಂದ ‘ಪದಸಂಖ್ಯೆ’ಯನ್ನು ಇಬ್ಬರೂ ಬೇರೆ ಬೇರೆಯಾಗಿ ಓದಿದರು, ಇಬ್ಬರದೂ ತಪ್ಪಲ್ಲ. ಗೊಂದಲ ಇರುವುದು n ಬಗ್ಗೆ ಅಲ್ಲ, 207ರ ಬಗ್ಗೆ. ಅದು ಸಾಲಿನಲ್ಲಿ ನಿಂತ ಒಂದು ಪದವೋ, ಅಲ್ಲಿಯವರೆಗೆ ಕೂಡಿ ಬಂದದ್ದೋ ಎಂಬುದನ್ನು ವಿದ್ಯಾರ್ಥಿ ಕೇಳಿಕೊಳ್ಳಲಿಲ್ಲ. ತಲೆಬರಹ ಅದನ್ನು ಹೇಳಬೇಕು.

ತಿದ್ದುವವರಿಗೆ ಒಂದು ಮಾತು ಸೇರಿಸಿ. ಬಂದ n ಅನ್ನು ಮೊತ್ತದ ಸೂತ್ರಕ್ಕೇ ಹಾಕಿ ನೋಡಲಿ. ಇಲ್ಲಿ ಮೊತ್ತ n(2n + 5). 51 ಹಾಕಿದರೆ 5457, 207ರ ಹತ್ತಿರಕ್ಕೂ ಬರುವುದಿಲ್ಲ. 9 ಹಾಕಿದರೆ 9 × 23 = 207. ಇನ್ನೂ ಗಟ್ಟಿಮಾಡಿಕೊಳ್ಳಬೇಕಾದರೆ 8 ಪದಗಳ ಮೊತ್ತ 168 ಅನ್ನು 207ರಿಂದ ಕಳೆಯಲಿ. ಉಳಿಯುವ 39 ಒಂಬತ್ತನೆಯ ಪದವೇ ಆಗಿರಬೇಕು. 7 + 8 × 4, ಸರಿಯಾಗಿದೆ.

ಮನೆಪಾಠದವರು:

ಇಷ್ಟೆಲ್ಲ ಏಕೆ? ನಾನು ಮಕ್ಕಳಿಗೆ ಹೇಳುವುದು ಒಂದೇ: ಸೂತ್ರದಲ್ಲಿ n − 1 ಇದ್ದರೆ ಪದ, n ಇದ್ದರೆ ಮೊತ್ತ. ‘n − 1 ತಪ್ಪು’ ಎಂದು ತಲೆಬರಹ ಕೊಡಿ.

ಲೆಕ್ಕ ಬಲ್ಲವರು:

ಗುಣೋತ್ತರ ಶ್ರೇಢಿಗೆ ಮಾತ್ರ ಅದು ನಡೆಯುತ್ತದೆ. ಸಮಾಂತರ ಶ್ರೇಢಿಯ ಮೊತ್ತದ ಸೂತ್ರದೊಳಗೂ (n − 1)d ಇದೆ. ನಿಮ್ಮ ಮಕ್ಕಳು ಅಲ್ಲಿ ಏನು ಮಾಡುತ್ತಾರೆ?

ಮನೆಪಾಠದವರು:

ಅಲ್ಲಿ n/2 ಹೊರಗೆ ಇರುತ್ತದೆ, ಅದನ್ನು ನೋಡಿ ಗುರುತಿಸುತ್ತಾರೆ. ಗುಣೋತ್ತರದಲ್ಲಿ ನಿಜಕ್ಕೂ ತೊಂದರೆ ಇದೆ, ನನ್ನ ಅನುಭವ ಹೇಳುತ್ತೇನೆ. 3, 6, 12… ಎಂಟು ಪದಗಳ ಮೊತ್ತ ಕೇಳಿದ್ದೆ. ಉತ್ತರ 765. ಒಬ್ಬ 768 ಬರೆದಿದ್ದ, ಇನ್ನೊಬ್ಬಳು 381. ಮೊದಲನೆಯವನು ಕೊನೆಯಲ್ಲಿ 3 ಕಳೆಯುವುದನ್ನು ಮರೆತಿದ್ದಾನೆ ಎಂದು ಅರ್ಧ ಅಂಕ ಕೊಟ್ಟೆ.

ಲೆಕ್ಕ ಬಲ್ಲವರು:

ಈ ಉದಾಹರಣೆ ಕೈಪಿಡಿಗೆ ಹೋಗಲೇಬೇಕು. ಅನುಪಾತ 2 ಆದಾಗ ಎಂಟು ಪದಗಳ ಮೊತ್ತ ಎಂದರೆ ಒಂಬತ್ತನೆಯ ಪದದಲ್ಲಿ ಮೊದಲ ಪದ ಕಳೆದದ್ದು: 768 − 3. ಆದುದರಿಂದ 768 ಎರಡು ದಾರಿಯಲ್ಲಿ ಬರಬಹುದು. ಹುಡುಗ 3 × (2⁸ − 1) ಎಂದು ಬರೆದು, ಆವರಣ ಬಿಡಿಸುವಾಗ 3 ಕಳೆಯದೆ ಹೋಗಿರಬಹುದು. ಅದು ಕೈತಪ್ಪು, ಅರ್ಧ ಅಂಕ ನ್ಯಾಯ. ಅಥವಾ ಪದದ ಸೂತ್ರವನ್ನೇ ಹಿಡಿದು, ಘಾತ 7ರ ಬದಲು 8 ಹಾಕಿರಬಹುದು. ಆಗ ಎರಡು ತಪ್ಪುಗಳು ಕೂಡಿ ಸರಿ ಉತ್ತರದ ಪಕ್ಕಕ್ಕೆ ಬಂದು ನಿಂತಿವೆ. ಉತ್ತರ ನೋಡಿ ಇದನ್ನು ಹೇಳಲಾಗದು, ಮೇಲಿನ ಸಾಲನ್ನೇ ಓದಬೇಕು.

381 ಬೇರೆ. ಹುಡುಗಿ ಮೊತ್ತದ ಸೂತ್ರವನ್ನೇ ಹಿಡಿದಿದ್ದಾಳೆ, ಆದರೆ ಪದದ ಸೂತ್ರದ 7 ಅನ್ನು ಘಾತವಾಗಿ ತಂದಿದ್ದಾಳೆ. ಅದು ಏಳು ಪದಗಳ ಮೊತ್ತ. ಅನುಪಾತ 3 ಇರುವ ಲೆಕ್ಕ ಕೊಟ್ಟು ನೋಡಿ: 2, 6, 18… ನಾಲ್ಕು ಪದಗಳ ಮೊತ್ತ 80, ಐದನೆಯ ಪದ 162. ಎರಡೂ ಪಕ್ಕಪಕ್ಕ ಬರುವುದಿಲ್ಲ, ತಪ್ಪು ಅಡಗಿಕೊಳ್ಳುವುದಿಲ್ಲ.

ಅಚ್ಚಗನ್ನಡ:

ಪದದ ಚರ್ಚೆ ಎಲ್ಲಿಗೆ ಹೋಯಿತು? ಆವರಣ, ಘಾತ, ಅನುಪಾತ: ಒಂದೂ ನಮ್ಮದಲ್ಲ. ಈ ಪದಗಳೇ ಮಕ್ಕಳನ್ನು ಕೆಡಿಸುತ್ತಿವೆ.

ಹಳೆಯ ಓಲೆ:

ಕೆಡಿಸಿದ್ದು ಸಂಸ್ಕೃತವಲ್ಲ. ಎಣಿಕೆಗೆ ಇದ್ದ ಪದವನ್ನು ಕಸಿದು ಬಿಡಿ ಅಂಕಿಗೆ ಕೊಟ್ಟ ಹೊಸ ಪಠ್ಯಪುಸ್ತಕಗಳು. ಗಚ್ಛವನ್ನು ಮರಳಿ ತಂದರೆ n ಎಂದರೇನು ಎಂದು ಯಾರೂ ತಡವರಿಸುವುದಿಲ್ಲ.

ಲೆಕ್ಕ ಬಲ್ಲವರು:

ತಡವರಿಸುತ್ತಾರೆ. ಅಂತ್ಯಧನಕ್ಕೂ ಸರ್ವಧನಕ್ಕೂ ಗಚ್ಛ ಒಂದೇ.

ಕರಡು ತಿದ್ದುವವನು:

ಕನ್ನಡದಲ್ಲೇ ಇದಕ್ಕೆ ದಾರಿ ಇದೆಯಲ್ಲ. ‘ಎಷ್ಟನೆಯ’ ಮತ್ತು ‘ಎಷ್ಟು’ ಎಂದು ನಾವು ಬೇರೆ ಬೇರೆಯಾಗಿ ಕೇಳಬಲ್ಲೆವು. ಇಂಗ್ಲಿಷಿನವರಿಗೆ ‘ಎಷ್ಟನೆಯ’ ಎಂದು ಒಂದೇ ಪದದಲ್ಲಿ ಕೇಳಲಾಗದು. 207 ಎಷ್ಟನೆಯ ಪದ? 51. ಎಷ್ಟು ಪದಗಳು ಕೂಡಿದರೆ 207? 9. ವಿದ್ಯಾರ್ಥಿ ಎರಡನೆಯದರ ಬದಲು ಮೊದಲನೆಯದಕ್ಕೆ ಉತ್ತರಿಸಿದ್ದಾನೆ. ‘ಎಷ್ಟನೆಯ–ಎಷ್ಟು ಅದಲುಬದಲು’ ಎಂದು ಹಾಕಿ.

ಲೆಕ್ಕ ಬಲ್ಲವರು:

51ರ ಲೆಕ್ಕಕ್ಕೆ ಚೆನ್ನಾಗಿದೆ. 381ಕ್ಕೆ ಆಗುವುದಿಲ್ಲ. ಅವಳಿಗೆ ಎಷ್ಟು ಎಂಬುದು ಗೊತ್ತಿತ್ತು, ಸೂತ್ರದ ಘಾತ ಮಾತ್ರ ಬೇರೆ ಕಡೆಯಿಂದ ಬಂತು.

ಅನುವಾದಕಿ:

ಎಲ್ಲರಿಗೂ ಧನ್ಯವಾದಗಳು. ಅಂಕಣವನ್ನು ಎರಡಾಗಿ ಒಡೆಯುತ್ತೇನೆ. 51ರಂಥ ಉತ್ತರಗಳಿಗೆ ‘ಪದ–ಮೊತ್ತ ಅದಲುಬದಲು’, 381ರಂಥವಕ್ಕೆ ‘ಘಾತ ಒಂದು ಕಡಿಮೆ’. 768 ಅನ್ನು ಎರಡರಲ್ಲೂ ಸೇರಿಸದೆ, ‘ಮೇಲಿನ ಸಾಲು ನೋಡಿ’ ಎಂದು ಬರೆಯುತ್ತೇನೆ. ‘ಎಷ್ಟನೆಯ, ಎಷ್ಟು’ ಎಂಬ ಎರಡು ಪ್ರಶ್ನೆಗಳು 207ರ ಉದಾಹರಣೆಯ ಕೆಳಗೆ ಹಾಗೆಯೇ ಬರುತ್ತವೆ.

ಅಚ್ಚಗನ್ನಡ:

ಘಾತ ಉಳಿಯಿತಲ್ಲ. ನಾನು ಒಪ್ಪುವುದಿಲ್ಲ.